ಮುಖದ ಸಣ್ಣ ಗೆರೆಗೆ ರೆಟಿನಾಲ್: ಮೊದಲ ಮೂರು ತಿಂಗಳು ಹಚ್ಚುವುದು ಹೇಗೆ? ವುಝೂ, ಬಿಸಿಲಿನ ನಡುವೆ ಗಮನಿಸಬೇಕಾದದ್ದು ಏನು?

ಕಣ್ಣಿನ ಹೊರ ಮೂಲೆಯಲ್ಲಿ, ಹಣೆಯಲ್ಲಿ, ತುಟಿಯ ಸುತ್ತ ಸಣ್ಣ ಸಣ್ಣ ಗೆರೆ ಕಾಣಲಿಕ್ಕೆ ಶುರುವಾಗುವುದು ಹೆಚ್ಚಾಗಿ ಮೂವತ್ತು ದಾಟಿದ ಮೇಲೆ. ಈ ಗೆರೆಗೆ ರೆಟಿನಾಲ್ ಒಳ್ಳೆಯದು ಎಂಬ ಮಾತು ಈಗ ಉಪ್ಪಳ, ಕುಂಬಳೆಯ ಫ್ಯಾನ್ಸಿ ಅಂಗಡಿಗಳವರೆಗೂ ಬಂದಿದೆ. ಅಂಗಡಿ ಇಟ್ಟುಕೊಂಡಿರುವ ನನ್ನಲ್ಲಿ ಗಿರಾಕಿಗಳು ಕೇಳುವುದು ಹೆಚ್ಚಾಗಿ ಎರಡೇ ಪ್ರಶ್ನೆ: "ಯಾವುದು ಸ್ಟ್ರಾಂಗ್?" ಮತ್ತು "ಎಷ್ಟು ದಿನದಲ್ಲಿ ರಿಸಲ್ಟ್?" ಎರಡೂ ಪ್ರಶ್ನೆ ತಪ್ಪು ದಾರಿಗೆ ಕರ್ಕೊಂಡು ಹೋಗ್ತದೆ. ರೆಟಿನಾಲ್‌ನಲ್ಲಿ ಗೆಲ್ಲುವುದು ಕಡಿಮೆ ಶಕ್ತಿಯದ್ದನ್ನು ನಿಧಾನವಾಗಿ ಹಚ್ಚಿ, ಹಗಲು ಬಿಸಿಲಿನಿಂದ ಮುಖ ಕಾಪಾಡಿಕೊಂಡವರು. ಅವಸರ ಮಾಡಿದವರಿಗೆ ಗೆರೆಯೂ ಹೋಗುವುದಿಲ್ಲ, ಮೇಲಿಂದ ಕಪ್ಪು ಕಲೆ ಬೇರೆ ಬರ್ತದೆ.

ಹಾಗಾಗಿ ಮೊದಲ ಮೂರು ತಿಂಗಳು ಏನು ಮಾಡಬೇಕು, ದಿನಕ್ಕೆ ಐದು ಸಲ ವುಝೂ ಮಾಡಿ ಮುಖ ತೊಳೆಯುವವರು ಇದನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬುದನ್ನು ಮಾತ್ರ ಇಲ್ಲಿ ಬಿಡಿಸಿ ಹೇಳ್ತೇನೆ.

ರೆಟಿನಾಲ್ ಎಂದರೇನು?

ರೆಟಿನಾಲ್ ಎಂದರೆ ವಿಟಮಿನ್ ಎ. ಇದನ್ನು ಚರ್ಮಕ್ಕೆ ಹಚ್ಚಿದಾಗ ಅದು ಒಳಗೆ ಎರಡು ಹಂತದಲ್ಲಿ ಬದಲಾಗಿ ರೆಟಿನೋಯಿಕ್ ಆಮ್ಲ ಆಗ್ತದೆ. ಕೆಲಸ ಮಾಡುವುದು ಈ ಆಮ್ಲ. ಇದೇ ಆಮ್ಲವನ್ನು ನೇರವಾಗಿ ಕ್ರೀಮ್ ಮಾಡಿದರೆ ಅದಕ್ಕೆ ಟ್ರೆಟಿನಾಯಿನ್ ಎಂದು ಹೆಸರು. ಅಮೆರಿಕದಲ್ಲಿ ಇದು ಮೊದಲು ಬಂದದ್ದು ಮೊಡವೆಯ ಮದ್ದಾಗಿ. ಹಚ್ಚಿದವರ ಚರ್ಮ ನಯವಾಗುವುದು, ಗೆರೆ ಕಡಿಮೆಯಾಗುವುದು ಕಂಡಾಗ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಜೊತೆಯವರು ಬಿಸಿಲಿನಿಂದ ಮುಪ್ಪಾದ ಚರ್ಮದ ಮೇಲೆ ಇದನ್ನು ಪರೀಕ್ಷಿಸಿ 1986ರಲ್ಲಿ ವರದಿ ಪ್ರಕಟಿಸಿದರು. ಗೆರೆಗೆ ವಿಟಮಿನ್ ಎ ಬಳಸುವುದು ವ್ಯಾಪಕವಾದದ್ದು ಅಲ್ಲಿಂದ ಮುಂದೆ.

ಟ್ರೆಟಿನಾಯಿನ್ ವೈದ್ಯರ ಚೀಟಿ ಇದ್ದರೆ ಮಾತ್ರ ತಗೊಳ್ಳಬೇಕಾದ ಮದ್ದು. ರೆಟಿನಾಲ್ ಅದಕ್ಕಿಂತ ಮೃದು, ಅದಕ್ಕೇ ಸೌಂದರ್ಯವರ್ಧಕವಾಗಿ ಅಂಗಡಿಯಲ್ಲಿ ಸಿಗ್ತದೆ. ಮೃದು ಎಂದರೆ ನಿಧಾನ ಎಂದೂ ಅರ್ಥ. ಚರ್ಮದ ಒಳಪದರದಲ್ಲಿ ಕೊಲಾಜೆನ್ ಎಂಬ ನಾರಿನಂಥ ವಸ್ತು ಇರ್ತದೆ. ಮನೆಗೆ ಪಕ್ಕಾಸು ಇದ್ದ ಹಾಗೆ ಅದು ಚರ್ಮವನ್ನು ಹಿಡಿದು ನಿಲ್ಲಿಸ್ತದೆ. ಬಿಸಿಲು ಅದನ್ನು ತಿಂದು ಹಾಕ್ತದೆ. ರೆಟಿನಾಲ್ ಈ ತಿನ್ನುವಿಕೆಯನ್ನು ಕಡಿಮೆ ಮಾಡಿ, ಹೊಸ ಕೊಲಾಜೆನ್ ಹುಟ್ಟುವಂತೆ ಚರ್ಮವನ್ನು ಎಬ್ಬಿಸ್ತದೆ. ಇದು ವಾರದಲ್ಲಿ ಆಗುವ ಕೆಲಸ ಅಲ್ಲ. ಕಣ್ಣಿಗೆ ಕಾಣುವ ವ್ಯತ್ಯಾಸಕ್ಕೆ ಕಡಿಮೆ ಎಂದರೂ 12 ವಾರ, ಸರಿಯಾಗಿ ಕಾಣಲಿಕ್ಕೆ ಆರು ತಿಂಗಳು ಬೇಕು. ನಗುವಾಗ, ಹುಬ್ಬು ಗಂಟಿಕ್ಕುವಾಗ ಬೀಳುವ ಆಳದ ಗೆರೆಯನ್ನು ರೆಟಿನಾಲ್ ಅಳಿಸುವುದಿಲ್ಲ. ಮುಖ ಸುಮ್ಮನಿರುವಾಗಲೂ ಕಾಣುವ ತೆಳು ಗೆರೆ, ಒರಟುತನ, ಮಂಕು ಬಣ್ಣ - ಇವುಗಳಿಗೆ ಇದು ಮದ್ದು.

ಯಾರು ಹಚ್ಚಬಾರದು?

ಇದನ್ನು ಮೊದಲೇ ಹೇಳಬೇಕು. ಗರ್ಭಿಣಿಯರು, ಮಗುವಿಗಾಗಿ ಪ್ರಯತ್ನಿಸುತ್ತಿರುವವರು ರೆಟಿನಾಲ್ ಹಚ್ಚಬಾರದು. ಇದೇ ಕುಟುಂಬದ, ಬಾಯಿಯ ಮೂಲಕ ತಗೊಳ್ಳುವ ಐಸೊಟ್ರೆಟಿನಾಯಿನ್ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಗಂಭೀರ ಅಂಗದೋಷ ಉಂಟು ಮಾಡ್ತದೆ. ಮುಖಕ್ಕೆ ಹಚ್ಚಿದ್ದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಆದರೂ ಗೆರೆ ಒಂದು ವರ್ಷ ಕಾದರೆ ನಷ್ಟ ಇಲ್ಲ, ಮಗುವಿನ ವಿಷಯದಲ್ಲಿ ರಿಸ್ಕ್ ತಗೊಳ್ಳುವ ಅಗತ್ಯವೂ ಇಲ್ಲ. ಹಾಲುಣಿಸುವ ತಾಯಂದಿರು ವೈದ್ಯರಲ್ಲಿ ಕೇಳದೆ ಶುರು ಮಾಡಬೇಡಿ. ಹಚ್ಚುತ್ತಿರುವಾಗಲೇ ಗರ್ಭಿಣಿ ಎಂದು ಗೊತ್ತಾದರೆ ಹೆದರುವುದು ಬೇಡ. ಆ ದಿನವೇ ನಿಲ್ಲಿಸಿ, ಮುಂದಿನ ಚೆಕಪ್‌ನಲ್ಲಿ ವೈದ್ಯರಿಗೆ ತಿಳಿಸಿ.

ಮುಖದಲ್ಲಿ ಎಕ್ಸಿಮಾ, ಸದಾ ಕೆಂಪು, ಉರಿ ಇರುವವರು ಕೂಡ ಮೊದಲು ಚರ್ಮವೈದ್ಯರಿಗೆ ತೋರಿಸಬೇಕು. ಬಿಳಿ ಆಗಲಿಕ್ಕೆ ಎಂದು ಹೆಸರಿಲ್ಲದ ಡಬ್ಬಿಯ ಕ್ರೀಮ್, ಅಥವಾ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟಿರಾಯ್ಡ್ ಮೂರೂ ಸೇರಿದ ಟ್ಯೂಬ್ ತಿಂಗಳುಗಟ್ಟಲೆ ಹಚ್ಚಿದವರ ಚರ್ಮ ಮೊದಲೇ ತೆಳುವಾಗಿರ್ತದೆ. ಅದರ ಮೇಲೆ ರೆಟಿನಾಲ್ ಬಿದ್ದರೆ ಸುಡ್ತದೆ. ಅಂಥವರು ಆ ಕ್ರೀಮನ್ನು ಒಮ್ಮೆಲೇ ಬಿಟ್ಟರೂ ಮುಖ ಕೆಂಪೇರಿ ಉರಿಯುವುದುಂಟು. ಬಿಡುವುದನ್ನೂ ವೈದ್ಯರ ಸಲಹೆ ಪಡೆದೇ ಮಾಡಿ.

ನಮ್ಮ ಚರ್ಮಕ್ಕೆ ನಿಧಾನ ಯಾಕೆ ಬೇಕು?

ರೆಟಿನಾಲ್ ಹೆಚ್ಚಾದರೆ ಚರ್ಮದಲ್ಲಿ ಉರಿಯೂತ ಆಗ್ತದೆ. ತೀರಾ ಬಿಳಿ ಚರ್ಮದವರಿಗೆ ಅದು ಕೆಂಪಾಗಿ ಕಂಡು ಕೆಲವು ದಿನದಲ್ಲಿ ಹೋಗಬಹುದು. ಗೋಧಿ ಬಣ್ಣ, ಕಂದು ಬಣ್ಣದ ನಮ್ಮ ಚರ್ಮದಲ್ಲಿ ಉರಿಯೂತ ಆದ ಜಾಗದಲ್ಲೆಲ್ಲ ಬಣ್ಣದ ಕಣ ಹೆಚ್ಚು ತಯಾರಾಗಿ ಕಪ್ಪು ಕಲೆ ಉಳಿದುಬಿಡ್ತದೆ. ಸೊಳ್ಳೆ ಕಚ್ಚಿದ ಜಾಗ, ಮೊಡವೆ ಹಿಂಡಿದ ಜಾಗ ಕಪ್ಪಾಗಿ ಉಳಿಯುವುದೂ ಇದೇ ಕಾರಣಕ್ಕೆ. ಈ ಕಲೆ ಹೋಗಲಿಕ್ಕೆ ತಿಂಗಳುಗಳು ಬೇಕು, ಬಿಸಿಲು ತಾಗಿದರೆ ಇನ್ನೂ ಜಾಸ್ತಿ ದಿನ. ತೆಳು ಗೆರೆ ಬೇರೆಯವರಿಗೆ ಕಾಣುವುದೇ ಕಷ್ಟ. ತುಟಿಯ ಸುತ್ತ ಕಪ್ಪಾದರೆ ಎಲ್ಲರೂ ಕೇಳ್ತಾರೆ. ಅದಕ್ಕೇ "ಸ್ಟ್ರಾಂಗ್ ಯಾವುದು" ಎಂದು ಕೇಳಬೇಡಿ ಎನ್ನುವುದು.

ಶುರು ಮಾಡುವವರಿಗೆ 0.1ರಿಂದ 0.3 ಶೇಕಡಾ ರೆಟಿನಾಲ್ ಸಾಕು. ಐರೋಪ್ಯ ಒಕ್ಕೂಟ 2024ರಲ್ಲಿ ಮಾಡಿದ ನಿಯಮದ ಪ್ರಕಾರ ಮುಖಕ್ಕೆ ಹಚ್ಚುವ ಸೌಂದರ್ಯವರ್ಧಕದಲ್ಲಿ ರೆಟಿನಾಲ್ 0.3 ಶೇಕಡಾ ದಾಟುವಂತಿಲ್ಲ. ನಮ್ಮಲ್ಲಿ 1 ಶೇಕಡಾದ ಬಾಟಲಿಯೂ ಸಿಗ್ತದೆ, ಆದರೆ ಹೊಸಬರು ಅದನ್ನು ಮುಟ್ಟುವುದು ಬೇಡ. ಶೇಕಡಾವಾರು ಬರೆಯದ, ಪಾರದರ್ಶಕ ಗಾಜಿನ ಬಾಟಲಿಯಲ್ಲಿ ಬರುವ ಮಾಲು ಕೂಡ ಬೇಡ. ಬೆಳಕು, ಗಾಳಿ ತಾಗಿದರೆ ರೆಟಿನಾಲ್ ಹಾಳಾಗ್ತದೆ. ಟ್ಯೂಬ್ ಅಥವಾ ಬೆಳಕು ಹೋಗದ ಪಂಪ್ ಬಾಟಲಿ ನೋಡಿ ತಗೊಳ್ಳಿ.

ರಾತ್ರಿಯ ಕ್ರಮ

ರೆಟಿನಾಲ್ ರಾತ್ರಿ ಮಾತ್ರ ಹಚ್ಚುವುದು. ದಿನದ ಕೊನೆಯ ವುಝೂ ಮುಗಿದ ಮೇಲೆ ಹಚ್ಚಿದರೆ ಅದು ಸುಬಹಿಯವರೆಗೆ ಮುಖದಲ್ಲಿ ಉಳೀತದೆ. ಇಶಾ, ವಿತ್ರ್ ಮುಗಿಸಿ ಮಲಗುವವರು ಅದರ ನಂತರ ಹಚ್ಚಲಿ. ರಮಳಾನಿನಲ್ಲಾದರೆ ತರಾವೀಹ್ ಆದ ಮೇಲೆ.

ಮೊದಲು ಸೌಮ್ಯ ಫೇಸ್‌ವಾಶ್‌ನಿಂದ ಮುಖ ತೊಳೆದು, ಬಟ್ಟೆಯಿಂದ ಒತ್ತಿ ಒರೆಸಿ, 15ರಿಂದ 20 ನಿಮಿಷ ಬಿಡಿ. ಒದ್ದೆ ಚರ್ಮ ರೆಟಿನಾಲನ್ನು ಜಾಸ್ತಿ ಎಳೆದುಕೊಂಡು ಉರಿ ಎಬ್ಬಿಸುವುದುಂಟು. ಮೂಗಿನ ಬದಿ, ತುಟಿಯ ಮೂಲೆ, ಕಣ್ಣಿನ ಹತ್ತಿರ ಚರ್ಮ ತೆಳು. ಅಲ್ಲಿಗೆ ಮೊದಲೇ ಸ್ವಲ್ಪ ವ್ಯಾಸಲಿನ್ ಸವರಿ. ಕ್ರೀಮ್ ಆದರೆ ಒಂದು ಬಟಾಣಿ ಕಾಳಿನಷ್ಟು, ಸೀರಮ್ ಆದರೆ ಮೂರು ಹನಿ, ಇಡೀ ಮುಖಕ್ಕೆ ಇಷ್ಟೇ. ಹಣೆ, ಎರಡು ಕೆನ್ನೆ, ಗಲ್ಲಕ್ಕೆ ಚುಕ್ಕೆ ಇಟ್ಟು ತೆಳುವಾಗಿ ಹರಡಿ. ರೆಪ್ಪೆಗೆ ಹಚ್ಚಬೇಡಿ. ಕಣ್ಣಿನ ಮೂಲೆಯ ಗೆರೆಗೆ ಎಂದು ಕಣ್ಣಿನ ಒತ್ತಿಗೇ ಹೋಗುವುದು ಬೇಡ, ಕಣ್ಣಿನ ಗುಂಡಿಯ ಎಲುಬಿನ ಹೊರಗೆ ನಿಲ್ಲಿಸಿ. ಹತ್ತು ನಿಮಿಷ ಬಿಟ್ಟು ಪರಿಮಳ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ಬೇಗ ಉರಿಯುವ ಚರ್ಮದವರು ಮೊದಲು ಮಾಯಿಶ್ಚರೈಸರ್, ಅದರ ಮೇಲೆ ರೆಟಿನಾಲ್, ಮತ್ತೆ ಮಾಯಿಶ್ಚರೈಸರ್ ಹಾಕಬಹುದು. ಸ್ಯಾಂಡ್‌ವಿಚ್ ಎಂದು ಇದನ್ನು ಕರೆಯುತ್ತಾರೆ.

ಮುಖಕ್ಕೆಲ್ಲ ಹಚ್ಚುವ ಮೊದಲು ಎರಡು ಮೂರು ರಾತ್ರಿ ಕಿವಿಯ ಕೆಳಗೆ ದವಡೆಯ ಬದಿಯಲ್ಲಿ ಮಾತ್ರ ಹಚ್ಚಿ ನೋಡಿ. ಅಲ್ಲಿ ತುರಿಕೆ, ಬಾವು ಇಲ್ಲದಿದ್ದರೆ ಮುಂದುವರಿಯಿರಿ. ಮೊದಲ ನಾಲ್ಕು ವಾರ ವಾರಕ್ಕೆ ಎರಡು ರಾತ್ರಿ, ಉದಾಹರಣೆಗೆ ಆದಿತ್ಯವಾರ ಮತ್ತು ಬುಧವಾರ. ನಂತರದ ನಾಲ್ಕು ವಾರ ವಾರಕ್ಕೆ ಮೂರು ರಾತ್ರಿ. ಕೊನೆಯ ನಾಲ್ಕು ವಾರ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ. ಒಟ್ಟು ಲೆಕ್ಕ ಹಾಕಿದರೆ 84 ರಾತ್ರಿಗಳಲ್ಲಿ ರೆಟಿನಾಲ್ ಹಚ್ಚಿದ್ದು 34 ರಾತ್ರಿ ಮಾತ್ರ. ಉಳಿದ 50 ರಾತ್ರಿ ಬರೀ ಮಾಯಿಶ್ಚರೈಸರ್. ಆ ಖಾಲಿ ರಾತ್ರಿಗಳಲ್ಲಿ ಚರ್ಮ ಸುಧಾರಿಸಿಕೊಳ್ತದೆ, ಹಾಗಾಗಿ ಅವುಗಳನ್ನು ತುಂಬಿಸಲಿಕ್ಕೆ ಹೋಗಬೇಡಿ.

ಸ್ಕ್ರಬ್, ಬ್ಲೀಚ್, ಗ್ಲೈಕೋಲಿಕ್ ಅಥವಾ ಸ್ಯಾಲಿಸಿಲಿಕ್ ಆಮ್ಲದ ಸೀರಮ್ ಈ ಮೂರು ತಿಂಗಳು ಪಕ್ಕಕ್ಕಿಡಿ. ಮೇಲ್ತುಟಿಗೆ ವ್ಯಾಕ್ಸ್ ಮಾಡಿಸುವವರು ಒಂದು ವಾರ ಮೊದಲೇ ಆ ಜಾಗಕ್ಕೆ ರೆಟಿನಾಲ್ ನಿಲ್ಲಿಸಬೇಕು, ಇಲ್ಲದಿದ್ದರೆ ಕೂದಲಿನ ಜೊತೆ ಚರ್ಮವೂ ಏಳ್ತದೆ. ಥ್ರೆಡಿಂಗ್ ಆದರೆ ಹಿಂದೆ ಮುಂದೆ ಎರಡು ರಾತ್ರಿ ಬಿಡಿ. ಗಂಡಸರು ಗಡ್ಡ ಶೇವ್ ಮಾಡಿದ ರಾತ್ರಿ ಹಚ್ಚುವುದು ಬೇಡ.

ಯಾವುದು ಸಹಜ, ಯಾವುದು ಅಪಾಯ?

ಎರಡನೇ ವಾರದಿಂದ ಆರನೇ ವಾರದೊಳಗೆ ಚರ್ಮ ಸ್ವಲ್ಪ ಒಣಗುವುದು, ಗಲ್ಲ, ಮೂಗಿನ ಬದಿಯಲ್ಲಿ ಬಿಳಿ ಹೊಟ್ಟಿನ ಹಾಗೆ ಏಳುವುದು, ಹಚ್ಚಿದ ಕೂಡಲೆ ಒಂದೆರಡು ನಿಮಿಷ ಚುರುಗುಟ್ಟುವುದು ಸಹಜ. ಗಲ್ಫಿನಲ್ಲಿ ಹಗಲಿಡೀ ಎಸಿಯೊಳಗೆ ಇರುವವರಿಗೆ ಇದು ಜಾಸ್ತಿ ಕಾಣ್ತದೆ. ಎದ್ದ ಸಿಪ್ಪೆಯನ್ನು ಉಜ್ಜಿ ತೆಗೆಯಬೇಡಿ, ಮಾಯಿಶ್ಚರೈಸರ್ ಹೆಚ್ಚು ಹಚ್ಚಿ.

ಹದ ಮೀರಿದೆ ಎಂದು ತಿಳಿಯಲಿಕ್ಕೆ ಸುಲಭ ಪರೀಕ್ಷೆ ಉಂಟು. ಬೆಳಿಗ್ಗೆ ವುಝೂವಿನ ತಣ್ಣೀರು ತಾಗಿದಾಗ ಅಥವಾ ದಿನಾ ಹಚ್ಚುವ ಮಾಯಿಶ್ಚರೈಸರ್ ಹಚ್ಚಿದಾಗ ಮುಖ ಉರಿದರೆ ಚರ್ಮದ ರಕ್ಷಣಾ ಪದರ ಒಡೆದಿದೆ ಎಂದರ್ಥ. ಕಂದು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣದೆ ಇರಬಹುದು, ಹಾಗಾಗಿ ಕನ್ನಡಿಗಿಂತ ಈ ಉರಿಯನ್ನು ನಂಬಿ. ಆಗ ರೆಟಿನಾಲ್ ಪೂರ್ತಿ ನಿಲ್ಲಿಸಿ, ಒಂದು ವಾರ ಸೌಮ್ಯ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಮಾತ್ರ. ಉರಿ ಪೂರ್ತಿ ಹೋದ ಮೇಲೆ ಒಂದು ಮೆಟ್ಟಿಲು ಕೆಳಗಿಳಿದು ಶುರು ಮಾಡಿ. ಬಾವು, ನೀರು ಒಸರುವುದು, ಜೋರು ತುರಿಕೆ, ಕಣ್ಣು ಊದುವುದು ಕಂಡರೆ ಮನೆಮದ್ದು ಮಾಡದೆ ವೈದ್ಯರಲ್ಲಿಗೆ ಹೋಗಿ.

ಒಂದು ಉದಾಹರಣೆ ನೋಡುವ. ಮಂಜೇಶ್ವರದ ಕಡೆಯ 37 ವರ್ಷದ ಒಬ್ಬ ಶಾಲಾ ಟೀಚರ್ ಎಂದು ಇಟ್ಟುಕೊಳ್ಳಿ. ದಿನಾ ಸ್ಕೂಟರಿನಲ್ಲಿ ಹೋಗಿ ಬರುವುದು, ಕಣ್ಣಿನ ಬದಿ ಮತ್ತು ಹಣೆಯಲ್ಲಿ ತೆಳು ಗೆರೆ. 0.2 ಶೇಕಡಾದ ಸೀರಮ್ ತಗೊಂಡು ನಾಲ್ಕು ವಾರ ಎರಡೆರಡು ರಾತ್ರಿ ಹಚ್ಚಿದರು, ತೊಂದರೆ ಇಲ್ಲ. ಐದನೇ ವಾರ ಮೂರು ರಾತ್ರಿ ಮಾಡಿದರು. ಅದೇ ವಾರ ಕುಟುಂಬದಲ್ಲಿ ಮದುವೆ, ಮೇಲ್ತುಟಿ ಥ್ರೆಡಿಂಗ್, ಮೇಲಿಂದ ಫೇಶಿಯಲ್ ಸ್ಕ್ರಬ್. ಆರನೇ ವಾರ ತುಟಿಯ ಸುತ್ತ ಸಿಪ್ಪೆ ಎದ್ದು, ಮಾಯಿಶ್ಚರೈಸರ್ ಹಚ್ಚಿದರೆ ಉರಿ. ಇಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ಮಾಡ್ತಾರೆ: "ನಂಗೆ ಆಗುವುದಿಲ್ಲ" ಎಂದು ಬಾಟಲಿ ಬಿಸಾಡ್ತಾರೆ, ಅಥವಾ "ಕೆಲಸ ಮಾಡ್ತಾ ಉಂಟು" ಎಂದು ಮುಂದುವರಿಸಿ ತುಟಿಯ ಸುತ್ತ ಕಪ್ಪು ಮಾಡಿಕೊಳ್ತಾರೆ. ಈ ಟೀಚರ್ ಏಳು ರಾತ್ರಿ ನಿಲ್ಲಿಸಿದರು. ಉರಿ ಹೋದ ಮೇಲೆ ಎರಡು ವಾರ ಸ್ಯಾಂಡ್‌ವಿಚ್ ಕ್ರಮದಲ್ಲಿ ವಾರಕ್ಕೆ ಎರಡೇ ರಾತ್ರಿ, ಆಮೇಲೆ ಮೂರು ರಾತ್ರಿ. 12ನೇ ವಾರ ಮುಗಿಯುವಾಗ ಅವರು ಇನ್ನೂ ಮೂರು ರಾತ್ರಿಯಲ್ಲೇ ಇದ್ದಾರೆ. ಅದರಲ್ಲಿ ಸೋಲು ಏನೂ ಇಲ್ಲ. ಕೆಲವರ ಚರ್ಮಕ್ಕೆ ವಾರಕ್ಕೆ ಮೂರು ರಾತ್ರಿಯೇ ಹದ, ಅಲ್ಲೇ ನಿಂತರೂ ಆರು ತಿಂಗಳಲ್ಲಿ ಗುಣ ಕಾಣ್ತದೆ.

ಗುಣ ಅಳೆಯಲಿಕ್ಕೆ ಕನ್ನಡಿ ಸಾಲದು, ದಿನಾ ನೋಡುವ ಮುಖದಲ್ಲಿ ಬದಲಾವಣೆ ಗೊತ್ತಾಗುವುದಿಲ್ಲ. ಮೊದಲ ದಿನ, ಆರನೇ ವಾರ, 12ನೇ ವಾರ, 24ನೇ ವಾರ ಒಂದೇ ಕಿಟಕಿಯ ಬೆಳಕಿನಲ್ಲಿ, ಒಂದೇ ಹೊತ್ತಿಗೆ, ಫಿಲ್ಟರ್ ಇಲ್ಲದೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಈ ಲೆಕ್ಕದಿಂದಲೇ, ಮನೆಯಲ್ಲಿ ನಿಕಾಹ್ ಇರುವವರು ಕಾರ್ಯಕ್ರಮಕ್ಕೆ ಒಂದು ತಿಂಗಳು ಇರುವಾಗ ರೆಟಿನಾಲ್ ಶುರು ಮಾಡಬಾರದು. ಸಿಪ್ಪೆ ಏಳುವ ವಾರ ಸರಿಯಾಗಿ ಮದುವೆಯ ದಿನಕ್ಕೆ ಬಂದು ನಿಲ್ತದೆ.

ಹಗಲು: ವುಝೂ ಮತ್ತು ಸನ್‌ಸ್ಕ್ರೀನ್

ತೆಳು ಗೆರೆ ಮೂಡಿಸುವ ದೊಡ್ಡ ಕಾರಣ ಬಿಸಿಲು. ರಾತ್ರಿ ರೆಟಿನಾಲ್ ಹಚ್ಚಿ ಹಗಲು ಖಾಲಿ ಮುಖದಲ್ಲಿ ಹೋಗುವುದು, ಒಂದು ಕೈಯಲ್ಲಿ ಗೋಡೆ ಕಟ್ಟಿ ಇನ್ನೊಂದು ಕೈಯಲ್ಲಿ ಕೆಡವಿದ ಹಾಗೆ. ಮೇಲಾಗಿ ರೆಟಿನಾಲ್ ಹಚ್ಚಿದ ಚರ್ಮದ ಹೊರ ಪದರ ಮೊದಮೊದಲು ತೆಳುವಾಗಿ, ಬಿಸಿಲಿಗೆ ಬೇಗ ಉರೀತದೆ. ಎಸ್‌ಪಿಎಫ್ 30 ಅಥವಾ 50 ಇರುವ, ಪಿಎ+++ ಎಂದು ಬರೆದ ಸನ್‌ಸ್ಕ್ರೀನ್ ತಗೊಳ್ಳಿ. ಎಸ್‌ಪಿಎಫ್ ಎಂಬುದು ಮುಖ್ಯವಾಗಿ ಚರ್ಮ ಸುಡುವ ಕಿರಣದ ಲೆಕ್ಕ. ಪಿಎ ಎಂಬುದು ಆಳಕ್ಕೆ ಹೋಗಿ ಕೊಲಾಜೆನ್ ಹಾಳು ಮಾಡುವ ಕಿರಣದ ಲೆಕ್ಕ. ಈ ಎರಡನೆಯದ್ದು ಬಸ್ಸಿನ, ಕಾರಿನ ಗಾಜು ದಾಟಿಯೂ ಬರ್ತದೆ, ಮಳೆಗಾಲದ ಮೋಡ ದಾಟಿಯೂ ಬರ್ತದೆ. ಕಪ್ಪು ಕಲೆ ಇರುವವರಿಗೆ ಐರನ್ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ಹೆಚ್ಚು ಒಳ್ಳೆಯದು.

ಇಲ್ಲಿ ವುಝೂವಿನ ಪ್ರಶ್ನೆ ಬರ್ತದೆ. ನೀರು ಚರ್ಮಕ್ಕೆ ತಲುಪದಂತೆ ತಡೆಯುವ ಪದರ ಇರಬಾರದು ಎಂಬುದು ನಮಗೆಲ್ಲ ಗೊತ್ತಿರುವ ನಿಯಮ. ನೀವು ಹಚ್ಚುವ ಸನ್‌ಸ್ಕ್ರೀನ್ ಅಂಥ ಪದರ ಆಗ್ತದಾ ಎಂದು ಸಂಶಯ ಇದ್ದರೆ ಉಸ್ತಾದರಲ್ಲಿ ಕೇಳಿ. ಸುಲಭ ದಾರಿ ಎಂದರೆ ವುಝೂವಿಗೆ ಮೊದಲು ಫೇಸ್‌ವಾಶ್ ಹಾಕಿ ಅದನ್ನು ತೊಳೆದುಬಿಡುವುದು, ನಮಾಝ್ ಮುಗಿಸಿ ಪುನಃ ಹಚ್ಚುವುದು. ಬಿಸಿಲಲ್ಲಿ ಇರುವವರು ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್ ಪುನಃ ಹಚ್ಚಬೇಕು ಎಂಬ ನಿಯಮ ಹೇಗೂ ಇದೆ. ಬೇರೆಯವರು ಅದನ್ನು ಮರೀತಾರೆ. ಐದು ಹೊತ್ತು ನಮಾಝ್ ಮಾಡುವವರಿಗೆ ನಡುಹಗಲಿನಲ್ಲಿ ನೆನಪಿಸುವ ಗಡಿಯಾರ ಇದ್ದೇ ಇದೆ.

ದಿನದ ಕ್ರಮ ಹೀಗೆ ಇಟ್ಟುಕೊಳ್ಳಬಹುದು. ಸುಬಹಿ ನಂತರ ಮಾಯಿಶ್ಚರೈಸರ್. ಹೊರಗೆ ಹೊರಡುವ ಕಾಲು ಗಂಟೆ ಮೊದಲು ಸನ್‌ಸ್ಕ್ರೀನ್. ಝುಹರ್ ಮುಗಿದ ಮೇಲೆ ಎರಡನೇ ಸಲ. ಬಿಸಿಲು ತೀಕ್ಷ್ಣವಾಗಿರುವ ಹೊತ್ತು ಅದು, ಹಾಗಾಗಿ ತಪ್ಪಿಸಬೇಡಿ. ಅಸರ್ ನಂತರ ಹೊರಗೆ ಹೋಗಲಿಕ್ಕಿದ್ದರೆ ಮೂರನೇ ಸಲ. ಮಗ್ರಿಬ್ ನಂತರ ಬೇಡ. ಪ್ರತಿ ಸಲ ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಎಳೆದಷ್ಟು ಬೇಕು, ಮುಖ ಮತ್ತು ಕುತ್ತಿಗೆಗೆ. ನಿಕಾಬ್ ಧರಿಸುವವರಿಗೆ ಬಟ್ಟೆಯೇ ಒಳ್ಳೆಯ ರಕ್ಷಣೆ, ಆದರೆ ಗೆರೆ ಮೊದಲು ಬರುವ ಕಣ್ಣಿನ ಸುತ್ತಿನ ಭಾಗ ತೆರೆದೇ ಇರ್ತದೆ. ಅಲ್ಲಿಗೆ ಸನ್‌ಸ್ಕ್ರೀನ್ ಬೇಕೇ ಬೇಕು. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಕೊಡೆ, ನೆರಳು ಹುಡುಕುವುದನ್ನು ಯಾವ ಕ್ರೀಮೂ ಬದಲಿಸುವುದಿಲ್ಲ.

ಖರ್ಚಿನ ಲೆಕ್ಕ

ಸೀರಮಿನ ಒಂದು ಮಿಲಿಲೀಟರಿಗೆ ಸುಮಾರು 20 ಹನಿ. 15 ಮಿಲಿ ಬಾಟಲಿಯಲ್ಲಿ 300 ಹನಿ, ಮೂರು ಹನಿಯಂತೆ 100 ರಾತ್ರಿಗೆ ಬರ್ತದೆ. ಮೊದಲ ಮೂರು ತಿಂಗಳಲ್ಲಿ ನಿಮಗೆ ಬೇಕಾದದ್ದು 34 ರಾತ್ರಿಗೆ. ತೆರೆದ ಬಾಟಲಿಯ ಮೇಲೆ ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 6 ತಿಂಗಳು ಎಂಬ ಗುರುತು ಇದ್ದರೆ ಅಷ್ಟರಲ್ಲಿ ಮುಗಿಸಬೇಕು, ಬಣ್ಣ ಗಾಢ ಹಳದಿ, ಕಂದು ಆದರೆ ಮೊದಲೇ ಬಿಸಾಡಬೇಕು. ಹಾಗಾಗಿ ಆಫರ್ ಉಂಟು ಎಂದು ದೊಡ್ಡ ಬಾಟಲಿ ತಗೊಳ್ಳುವುದು ನಷ್ಟ.

ಸನ್‌ಸ್ಕ್ರೀನಿನ ಲೆಕ್ಕ ಇದಕ್ಕೆ ಉಲ್ಟಾ. ಒಂದು ಸಲಕ್ಕೆ ಸುಮಾರು 1 ಗ್ರಾಂ, ದಿನಕ್ಕೆ ಎರಡು ಸಲ ಹಚ್ಚಿದರೆ 50 ಗ್ರಾಂ ಟ್ಯೂಬ್ 25 ದಿನಕ್ಕೆ ಮುಗೀಬೇಕು. ನಿಮ್ಮ ಟ್ಯೂಬ್ ಮೂರು ತಿಂಗಳು ಬಂದರೆ ಅದು ಉಳಿತಾಯ ಅಲ್ಲ, ಹಚ್ಚಿದ್ದು ಸಾಲಲಿಲ್ಲ ಎಂಬ ಸಾಕ್ಷಿ. ಆದ್ದರಿಂದ ಶುರು ಮಾಡುವ ಮೊದಲು ತಿಂಗಳಿಗೆ ಒಂದು ಟ್ಯೂಬ್ ಸನ್‌ಸ್ಕ್ರೀನ್ ತಗೊಳ್ಳಲಿಕ್ಕೆ ಆಗ್ತದಾ ನೋಡಿ. ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡು ಹೊಂದುವುದಾದರೆ ಸನ್‌ಸ್ಕ್ರೀನೇ ತಗೊಳ್ಳಿ. ರೆಟಿನಾಲ್ ಇಲ್ಲದ ಸನ್‌ಸ್ಕ್ರೀನ್ ಹೊಸ ಗೆರೆ ಬರುವುದನ್ನು ತಡೀತದೆ. ಸನ್‌ಸ್ಕ್ರೀನ್ ಇಲ್ಲದ ರೆಟಿನಾಲ್ ನಮ್ಮ ಬಿಸಿಲಲ್ಲಿ ಕಲೆ ತರಿಸ್ತದೆ.